ಮಿನಿ, ಪೂರ್ತಿ, ಸೀಲ್ ಹಾಕಿದ್ದು: ನಿಮಗೆ ಯಾವ ಸ್ಟೇಟ್‌ಮೆಂಟ್ ಬೇಕು?

ಸಂಬಳ ಬಂತಾ ಅಂತ ನೋಡೋಕಾದ್ರೆ ಮಿನಿ ಸ್ಟೇಟ್‌ಮೆಂಟ್ ಸಾಕು. ಎಟಿಎಂನಲ್ಲೋ ಮೊಬೈಲ್‌ನಲ್ಲೋ ತಕ್ಷಣ ಸಿಗುತ್ತದೆ, ಆದರೆ ಸಾಮಾನ್ಯವಾಗಿ ಕೊನೆಯ 5ರಿಂದ 10 ವ್ಯವಹಾರ ಅಷ್ಟೇ ಇರುತ್ತವೆ.

ಸಾಲಕ್ಕೆ 6 ತಿಂಗಳದ್ದು ಕೇಳಿದ್ದಾರಾ? ಪೂರ್ತಿ ಸ್ಟೇಟ್‌ಮೆಂಟ್ ತೆಗೀರಿ. ಸೆಪ್ಟೆಂಬರ್ 10ಕ್ಕೆ ಅರ್ಜಿ ಹಾಕೋದಾದ್ರೆ ನೆಟ್ ಬ್ಯಾಂಕಿಂಗ್‌ನಲ್ಲಿ ಮಾರ್ಚ್ 10ರಿಂದ ದಿನಾಂಕ ಕೊಟ್ಟು ಪಿಡಿಎಫ್ ಇಳಿಸಿಕೊಳ್ಳಿ, ಖರ್ಚಿಲ್ಲ. ಹೆಸರು, ಖಾತೆ ನಂಬರ್ ಇರುವ ಮೊದಲ ಪುಟ ಬಿಡಬೇಡಿ, ಸ್ಕ್ರೀನ್‌ಶಾಟ್ ಕೊಟ್ಟರೆ ವಾಪಸ್ ಬರುತ್ತದೆ.

ವೀಸಾದವರು ಬ್ಯಾಂಕ್ ಸೀಲ್ ಬೇಕು ಅಂದರೆ ಮಾತ್ರ ಶಾಖೆಗೆ ಹೋಗಿ ದೃಢೀಕರಿಸಿದ್ದು ಪಡೆಯಿರಿ. ಕೆಲವು ಕಡೆ ಶುಲ್ಕ ಇರುತ್ತದೆ, ಒಂದೆರಡು ದಿನವೂ ಹಿಡಿಯಬಹುದು. ಪ್ರತಿ ಪುಟದಲ್ಲೂ ಸೀಲು, ಸಹಿ ಇದೆಯಾ ಅಂತ ಕೌಂಟರ್ ಬಿಡೋ ಮೊದಲೇ ನೋಡಿ. ಕೋರ್ಟಿಗಾದರೆ ಬರೀ ಸೀಲು ಸಾಲದು, 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆ ಪ್ರಕಾರ ಪ್ರಮಾಣಪತ್ರ ಬೇಕು ಅಂತ ಕೇಳಿ.