ಅರ್ಧ ಕಿಲೋ ಡಬ್ಬಿಯಲ್ಲಿ 420 ಗ್ರಾಂ ಕರದಂಟು: ಹಬ್ಬಕ್ಕೆ ಡಬ್ಬಿ ಕಟ್ಟಿಸುವವರು ಗಮನಿಸಿ

ಈ ದೀಪಾವಳಿಗೆ ಬೀಗರು, ಅಣ್ಣತಮ್ಮಂದಿರು ಎಂದು 24 ಮನೆಗಳಿಗೆ ತಲಾ ಅರ್ಧ ಕಿಲೋ ಕರದಂಟು ಕೊಡಬೇಕೆಂದು ಬೆಳಗಾವಿಯ ಅಂಗಡಿಯೊಂದರಲ್ಲಿ ಡಬ್ಬಿ ಕಟ್ಟಿಸಿ, ಕಿಲೋಗೆ 600 ರೂಪಾಯಿಯಂತೆ 12 ಕಿಲೋಗೆ 7,200 ರೂಪಾಯಿ ಎಣಿಸಿಕೊಟ್ಟು ಬಂದೆ. ಅಂಗಡಿಯ ಹೆಸರು ಬರೆಯುವುದಿಲ್ಲ.

ಬಾಗಲಕೋಟೆಯಲ್ಲಿ ನಮ್ಮ ಕಾಕಾನದು ಕಿರಾಣಿ ಅಂಗಡಿ. ಡಬ್ಬಿ ಕೈಗೆ ತೆಗೆದುಕೊಂಡವನೇ, "ತಮ್ಮಾ, ಅರ್ಧ ಕಿಲೋ ಅಂದಿ, ಹಗರ ಹತ್ತತೈತಲ್ಲೋ" ಎಂದು ನಗುತ್ತ ತಕ್ಕಡಿಯ ಮೇಲಿಟ್ಟ. 500 ಗ್ರಾಂ ಸರಿಯಾಗಿಯೇ ತೋರಿತು, ನನಗೂ ಸಮಾಧಾನವಾಯಿತು. ಆದರೆ ಅವನು ಸುಮ್ಮನಿರದೆ ತುಂಡುಗಳನ್ನು ತಾಟಿಗೆ ಸುರಿದು, ಬಂಗಾರದ ಬಣ್ಣದ ಆ ದಪ್ಪ ರಟ್ಟಿನ ಖಾಲಿ ಡಬ್ಬಿಯನ್ನಷ್ಟೇ ತೂಗಿದ. 80 ಗ್ರಾಂ! ಗಿರಾಕಿಗಳೆಲ್ಲ ನೋಡುತ್ತಿದ್ದರು. ಕಾಕೂ ಮಾತಾಡದೆ ಚಹಾ ತರಲು ಒಳಗೆ ಹೋದಳು. ಆ ಮೌನವೇ ನನಗೆ ಹೆಚ್ಚು ಚುಚ್ಚಿತು. 24 ಡಬ್ಬಿಗೆ 1,920 ಗ್ರಾಂ, ಅಂದರೆ ಸುಮಾರು ಎರಡು ಕಿಲೋ ರಟ್ಟನ್ನು ನಾನು ಕರದಂಟಿನ ದರದಲ್ಲಿ 1,152 ರೂಪಾಯಿಗೆ ಕೊಂಡಿದ್ದೆ.

ಮರುದಿನ ಅಂಗಡಿಗೆ ಹೋಗಿ ಕೇಳಿದರೆ, "ಡಬ್ಬಿ ಏನ್ ಪುಕ್ಕಟ ಬರತೈತೇನ್ರೀ?" ಎಂದರು. ಹಾಗಾದರೆ ಡಬ್ಬಿಗೆ ಬೇರೆ ರೊಕ್ಕ ಹೇಳಬೇಕಿತ್ತಲ್ಲ ಎಂದಾಗ, "ನಿಮ್ಮ ಮುಂದನ ತೂಗೀವಲ್ರೀ, ಆಗ ಯಾಕ ಸುಮ್ನಿದ್ರಿ?" ಎಂದು ತಿರುಗಿ ನನ್ನನ್ನೇ ಕೇಳಿದರು. ತೂಗಿದ್ದು ನಿಜ, ಆದರೆ ಮೊದಲ ಡಬ್ಬಿಯನ್ನು ಮಾತ್ರ. ಅದರಲ್ಲಿ 12 ತುಂಡು ಹಿಡಿದವೆಂದು ಉಳಿದ 23 ಡಬ್ಬಿಗಳನ್ನು ಎಣಿಸಿ ತುಂಬಿದರು, ನಾನು ಪೆದ್ದನಂತೆ ನೋಡುತ್ತ ನಿಂತಿದ್ದೆ.

ಆದ್ದರಿಂದ ಖಾಲಿ ಡಬ್ಬಿಯನ್ನು ಮೊದಲು ತಕ್ಕಡಿಯ ಮೇಲಿಡಿಸಿ, 'ಟೇರ್' ಗುಂಡಿ ಒತ್ತಿಸಿ, ಸೊನ್ನೆ ಬಂದ ಮೇಲೆಯೇ ತುಂಬಿಸಿರಿ. ಮುಚ್ಚಳವೂ ಜೊತೆಗಿರಲಿ, ಅದಕ್ಕೂ ತೂಕವಿರುತ್ತದೆ. ಎಷ್ಟು ಕೊಳ್ಳಬೇಕೆಂಬುದನ್ನು ತುಂಡಿನ ತೂಕದಿಂದ ಲೆಕ್ಕ ಹಾಕಿರಿ. ನನ್ನ 12 ತುಂಡು 420 ಗ್ರಾಂ ಎಂದರೆ ತುಂಡಿಗೆ ಸುಮಾರು 35 ಗ್ರಾಂ. 14 ತುಂಡಿಗೆ 490 ಗ್ರಾಂ ಮಾತ್ರ ಆಗುವುದರಿಂದ ಅರ್ಧ ಕಿಲೋ ತುಂಬಲು 15 ಹಾಕಬೇಕು. ಆಗ ಡಬ್ಬಿಗೆ 525 ಗ್ರಾಂ, 24 ಡಬ್ಬಿಗೆ 12 ಕಿಲೋ 600 ಗ್ರಾಂ ಬೇಕಾಗುತ್ತದೆ. ಮನೆಗೆ ಬೇಕಾದದ್ದು ಬೇರೆ. ಅಷ್ಟನ್ನು ಬಿಡಿಯಾಗಿ ತೂಗಿಸಿ, ಡಬ್ಬಿಗೆ ಬೇರೆ ದರ ಕೇಳುವುದೇ ಲೇಸು. ಒಪ್ಪದಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ನಾನು ಬಿಲ್ ಇಟ್ಟುಕೊಂಡಿದ್ದೇನೆ.

ಹೊರಡುವಾಗ ಅವರು, "ಸಿಟ್ಟಾಗಬ್ಯಾಡ್ರೀ ಸರ್" ಎಂದು ಕಾಲು ಕಿಲೋ ಫರಸಾಣವನ್ನು ಮತ್ತದೇ ಬಂಗಾರದ ಡಬ್ಬಿಯಲ್ಲಿ ಹಾಕಿ ಮುಂದೆ ಹಿಡಿದರು. ಕಟ್ಟೆಯ ಮೇಲೇ ಬಿಟ್ಟು ಬಂದೆ.