14 ತಿಂಗಳು, ಒಂದು ಫೋಟೋ ಆ್ಯಪ್, ಮತ್ತು ನಮ್ಮ ಚನ್ನಪಟ್ಟಣದ ಆಟಿಕೆ

ಚನ್ನಪಟ್ಟಣದಲ್ಲಿ ನಮ್ಮದು ಸಣ್ಣ ವ್ಯಾಪಾರ. ಮರದ ಆಟಿಕೆಗಳನ್ನು ಕಡೆಯುವವರ ಮನೆಯಿಂದಲೇ ತಂದು ಆನ್‌ಲೈನ್‌ನಲ್ಲಿ ಮಾರುತ್ತೇವೆ. ಫೋನ್‌ನಲ್ಲಿ ತೆಗೆದ ಫೋಟೋ ಹಾಕಿ, ಏನು ಬೇಕೆಂದು ಬರೆದರೆ ಸ್ಟುಡಿಯೋ ಚಿತ್ರದ ತರ ಮಾಡಿಕೊಡುವ ಒಂದು ಎಐ ಆ್ಯಪ್‌ಗೆ 14 ತಿಂಗಳಿಂದ ಚಂದಾ ಕಟ್ಟುತ್ತಿದ್ದೇನೆ. ಹೆಸರು ಬೇಡ. ಇನ್ನೂ ಎರಡು ಆ್ಯಪ್ ನೋಡಿದೆ, ಎಡವಟ್ಟುಗಳು ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ. ನನ್ನ ಅಂಕ 5ಕ್ಕೆ 3.5. ಆ ಒಂದೂವರೆ ಅಂಕ ಎಲ್ಲಿ ಹೋಯಿತು ಅಂತ ಹೇಳಿದರೆ ನಿಮಗೂ ಉಪಯೋಗ ಆಗಬಹುದು.

ಮೊದಲ ದಿನ ಹಾಕಿದ್ದು ಬಳೆ ಗೋಪುರದ ಫೋಟೋ. ನಡುವೆ ಒಂದು ಕಡ್ಡಿ, ಅದಕ್ಕೆ ಐದು ಬಳೆ, ಮೇಲೊಂದು ಗುಂಡು. ಎತ್ತರ 14 ಸೆಂ.ಮೀ. ನಾನು ಬರೆದದ್ದು ಇಷ್ಟೇ: "ಸ್ಟುಡಿಯೋ ಫೋಟೋ ತರ ಚೆನ್ನಾಗಿ ಮಾಡು". ಚಿತ್ರ ನೋಡಿ ಮನೆಯವರೆಲ್ಲ ಆಹಾ ಅಂದರು. ಅಮೃತಶಿಲೆ ಮೇಜು, ಪಕ್ಕದಲ್ಲಿ ಹೂದಾನಿ, ಹಿಂದೆ ಮಸುಕು ಬೆಳಕು. ಅದನ್ನು ಕಡೆದವರಿಗೆ ತೋರಿಸಿದೆ. ಅವರು ಒಂದು ಕ್ಷಣ ನೋಡಿ, "ಇದು ನಂದಲ್ಲ ಕಣಣ್ಣ, ಆರು ಬಳೆ ಐತಲ್ಲ" ಅಂದರು. ಎಣಿಸಿದೆ. ಹೌದು, ಆರು! ಅದೂ ಸಾಲದು ಅಂತ ಅರಗಿನ ಬಣ್ಣದ ಮೇಲೆ ಕಾಣುವ ಸಣ್ಣ ಸುತ್ತುಗೆರೆಗಳೆಲ್ಲ ಮಾಯವಾಗಿ, ಮರದ ಆಟಿಕೆ ಪ್ಲಾಸ್ಟಿಕ್ ಆಟಿಕೆಯಾಗಿತ್ತು. ನಾವು ಮಾರುವುದೇ ಆ ಗೆರೆಯನ್ನು, ಅಲ್ವಾ?

ಆ್ಯಪ್ ನಿಮ್ಮ ಫೋಟೋವನ್ನು ಒರೆಸಿ ತೊಳೆದು ಕೊಡುವುದಿಲ್ಲ. ಅದನ್ನು ನೋಡಿಕೊಂಡು ಹೊಸದಾಗಿ ಇನ್ನೊಂದು ಚಿತ್ರ ಬರೆಯುತ್ತದೆ. ನೀವು ಹೇಳದೆ ಬಿಟ್ಟ ಜಾಗವನ್ನೆಲ್ಲ ತಾನು ಕಂಡ ಸಾವಿರಾರು ಆಟಿಕೆಗಳ ನೆನಪಿನಿಂದ ತುಂಬುತ್ತದೆ. ಹಾಗಾಗಿ ನಾನು ಈಗ ಬರೆಯುವ ಮಾತಿನಲ್ಲಿ ಅರ್ಧ, ಏನನ್ನು ಮುಟ್ಟಬಾರದು ಅನ್ನುವುದರ ಬಗ್ಗೆಯೇ ಇರುತ್ತದೆ. ಅದೇ ಬಳೆ ಗೋಪುರಕ್ಕೆ ಕೊನೆಗೆ ಕೈಗೆ ಹತ್ತಿದ ಮಾತು ಇದು:

```
ಫೋಟೋದಲ್ಲಿರುವ ಆಟಿಕೆ ಇದ್ದ ಹಾಗೇ ಇರಲಿ. ಐದು ಬಳೆ,
ಕೆಳಗಿನಿಂದ: ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ.
ಆಕಾರ, ಬಣ್ಣ, ಮೇಲಿನ ಸುತ್ತುಗೆರೆ, ಕೋನ ಬದಲಾಗಬಾರದು.
ಹಿನ್ನೆಲೆ ಮಾತ್ರ ಬದಲಿಸು: ಖಾಲಿ ತಿಳಿ ಬೂದು ಬಣ್ಣ.
ಎಡಗಡೆಯಿಂದ ಮೆತ್ತನೆ ಬೆಳಕು, ಬಲಕ್ಕೆ ತೆಳು ನೆರಳು.
ಮೇಜಿನ ಮೇಲೆ ಈ ಆಟಿಕೆ ಒಂದೇ ಇದೆ.
```

"ಚೆನ್ನಾಗಿ", "ದುಬಾರಿ ತರ", "ಆಕರ್ಷಕ" ಅನ್ನುವ ಮಾತುಗಳನ್ನು ಪೂರ್ತಿ ಬಿಟ್ಟಿದ್ದೇನೆ. ಹೂದಾನಿ ಬಂದದ್ದೇ ಅಂಥ ಮಾತಿನಿಂದ. ಬೆಳಕು ಯಾವ ಕಡೆಯಿಂದ, ಮೆತ್ತಗೋ ಕಡಕ್ಕೋ, ನೆರಳು ಎತ್ತ, ಕೆಳಗೆ ಏನಿದೆ: ಸ್ಟುಡಿಯೋದವನಿಗೆ ಹೇಳುವ ಹಾಗೆ ಹೇಳಿದರೆ ಸಾಕು. ಕೊನೆಯ ಸಾಲನ್ನೂ ನೋಡಿ. ಮೊದಲು "ಹೂ ಬೇಡ, ಕಪ್ ಬೇಡ" ಅಂತ ಬರೆಯುತ್ತಿದ್ದೆ. ಎಷ್ಟೋ ಸಲ ಆ ಹೂವೇ ಬಂದು ಕೂರುತ್ತಿತ್ತು. ಬೇಡದ್ದರ ಹೆಸರು ಎತ್ತದೆ, ಇರುವುದನ್ನಷ್ಟೇ ಹೇಳಿದ ಮೇಲೆ ಆ ಕಾಟ ತಪ್ಪಿತು.

ಬೆಳಕಿನ ದಿಕ್ಕು ಮಾತ್ರ ಫೋಟೋದಲ್ಲಿ ಇದ್ದದ್ದೇ ಇರಬೇಕು. ಕಿಟಕಿ ಎಡಕ್ಕಿದ್ದಾಗ ತೆಗೆದು, ಬಲಗಡೆಯಿಂದ ಬೆಳಕು ಬೇಕು ಅಂದರೆ ಆಟಿಕೆಯನ್ನೇ ತಿರುಚಿಬಿಡುತ್ತದೆ. ಅರಗಿನ ಮೇಲೆ ಹೊಳಪು ಒಂದು ಕಡೆ, ನೆರಳು ಇನ್ನೊಂದು ಕಡೆ. ನೋಡುವವರಿಗೆ ಕಾರಣ ಗೊತ್ತಾಗುವುದಿಲ್ಲ, ಏನೋ ಸುಳ್ಳು ಅನ್ನಿಸುತ್ತದೆ ಅಷ್ಟೆ.

ಆದ್ದರಿಂದ ಮೂಲ ಫೋಟೋಗೆ ಈಗ ಜಾಸ್ತಿ ಹೊತ್ತು ಕೊಡುತ್ತೇನೆ. ನೇರ ಬಿಸಿಲು ಬೀಳದ ಕಿಟಕಿ ಪಕ್ಕ ಬಿಳಿ ಚಾರ್ಟ್ ಪೇಪರ್ ಹಾಸಿ ಆಟಿಕೆ ಇಡುತ್ತೇನೆ. ನೆರಳಿನ ಕಡೆ ಇನ್ನೊಂದು ಬಿಳಿ ಹಾಳೆ ನಿಲ್ಲಿಸುತ್ತೇನೆ. ಟ್ಯೂಬ್‌ಲೈಟ್ ಆರಿಸಲೇಬೇಕು. ಕಿಟಕಿ ಬೆಳಕೂ ಅದೂ ಬೆರೆತರೆ ಹಳದಿ ಬಣ್ಣ ಹಸಿರಿಗೆ ಹೊರಳುತ್ತದೆ, ಆ್ಯಪ್ ಅದನ್ನೇ ನಿಜವಾದ ಬಣ್ಣ ಅಂದುಕೊಳ್ಳುತ್ತದೆ. ಫೋನನ್ನು ಆಟಿಕೆಯ ಮೂತಿಗೆ ಹಿಡಿಯಬೇಡಿ, ಹತ್ತಿರದ ಭಾಗ ಊದಿಕೊಂಡ ಹಾಗೆ ಬರುತ್ತದೆ. ಎರಡು ಮೂರು ಅಡಿ ಹಿಂದೆ ನಿಂತು 2x ಇಟ್ಟು ತೆಗೆಯಿರಿ. ಲೆನ್ಸ್ ಒರೆಸುವುದನ್ನು ಮಾತ್ರ ನಾನು ಇವತ್ತಿಗೂ ಮರೆಯುತ್ತೇನೆ.

ನನ್ನ ಇನ್ನೊಂದು ತಪ್ಪು ಅರ್ಥವಾಗಲು ನನಗೆ ಮೂರು ತಿಂಗಳು ಹಿಡಿಯಿತು. ಬಂದ ಚಿತ್ರಕ್ಕೇ "ನೆರಳು ಕಮ್ಮಿ ಮಾಡು", ಆಮೇಲೆ "ಸ್ವಲ್ಪ ಎಡಕ್ಕೆ", ಆಮೇಲೆ ಇನ್ನೇನೋ, ಹೀಗೆ ಹೇಳುತ್ತಾ ಹೋಗುತ್ತಿದ್ದೆ. ನಾಲ್ಕನೆಯದೋ ಐದನೆಯದೋ ಸುತ್ತಿಗೆ ಗುಂಡು ದಪ್ಪಗಾಗಿ, ಕಿತ್ತಳೆ ಬಳೆ ಕೆಂಪಿಗೆ ತಿರುಗಿರುತ್ತಿತ್ತು. ಪ್ರತಿ ಸುತ್ತಿನಲ್ಲೂ ಅದು ಹಿಂದಿನ ನಕಲಿನ ನಕಲು ಬರೆಯುತ್ತದೆ, ಅದಕ್ಕೇ. ಈಗ ಮಾತನ್ನು ತಿದ್ದಿ, ಪ್ರತಿ ಸಲ ಮೂಲ ಫೋಟೋದಿಂದಲೇ ಶುರು ಮಾಡುತ್ತೇನೆ. ಒಂದು ಸಲಕ್ಕೆ ಒಂದೇ ಮಾತು ಬದಲು.

ಸರಿಯಾಗಿದೆಯೋ ಇಲ್ಲವೋ ನೋಡಲು ನನ್ನದು ಸರಳ ದಾರಿ. ಫೋನಿನ ಗ್ಯಾಲರಿಯಲ್ಲಿ ಮೂಲ ಫೋಟೋ ಮತ್ತು ಹೊಸ ಚಿತ್ರ ಅಕ್ಕಪಕ್ಕ ಬರುವ ಹಾಗೆ ಇಟ್ಟು, ಬೆರಳಲ್ಲಿ ಅತ್ತ ಇತ್ತ ಸರಿಸುತ್ತೇನೆ. ಬದಲಾದ ಭಾಗ ಕಣ್ಣಿಗೆ ಕುಣಿಯುತ್ತದೆ. ಬಳೆ ಎಣಿಸು, ತೂತು ಎಣಿಸು, ಗೆರೆ ದೊಡ್ಡದು ಮಾಡಿ ನೋಡು. ಬಣ್ಣಕ್ಕೆ ಮಾತ್ರ ಆಟಿಕೆಯನ್ನೇ ಕೈಯಲ್ಲಿ ಹಿಡಿದು ಪರದೆಯ ಪಕ್ಕ ನೋಡಬೇಕು. ಒಮ್ಮೆ ಇದನ್ನು ಮಾಡದೆ ಒಂದು ಗಿಲಕಿಯ ಚಿತ್ರ ಹಾಕಿದೆ. ಚಿತ್ರದಲ್ಲಿ ನಿಂಬೆ ಹಳದಿ, ಕೈಗೆ ಹೋದದ್ದು ಅರಿಸಿನ ಹಳದಿ. ಎರಡು ಗಿಲಕಿ ವಾಪಸ್ ಬಂದವು, ಕೊರಿಯರ್ ಖರ್ಚು ನನ್ನ ತಲೆಗೆ.

ಅಮೆಜಾನ್‌ನಲ್ಲಿ ಹಾಕುವವರಿಗೆ ಒಂದು ಮಾತು. ಅಲ್ಲಿ ಮುಖ್ಯ ಚಿತ್ರದ ಹಿನ್ನೆಲೆ ಅಪ್ಪಟ ಬಿಳಿ ಇರಬೇಕು, ಆರ್‌ಜಿಬಿ ಲೆಕ್ಕದಲ್ಲಿ 255, 255, 255. ವಸ್ತು ಚಿತ್ರದ 85% ತುಂಬಬೇಕು. "ಬಿಳಿ ಹಿನ್ನೆಲೆ" ಅಂತ ಬರೆದರೆ ಈ ಆ್ಯಪ್ ಕೊಡುವುದು ಎಷ್ಟೋ ಸಲ ಹಾಲಿನ ಕೆನೆ ಬಣ್ಣ. ಖಾಲಿ ಬಿಳಿ ಪುಟದ ಮೇಲೆ ಚಿತ್ರ ಇಟ್ಟು ನೋಡಿ, ಸುತ್ತ ತೆಳ್ಳಗೆ ಚೌಕ ಕಂಡರೆ ಅದು ಬಿಳಿಯಲ್ಲ. ಆ ಒಂದು ಚಿತ್ರಕ್ಕೆ ನಾನು ಹೊಸದಾಗಿ ಬರೆಸುವುದನ್ನು ಬಿಟ್ಟು, ಹಿನ್ನೆಲೆ ಕತ್ತರಿಸುವ ಮಾಮೂಲಿ ಸೌಲಭ್ಯ ಬಳಸುತ್ತೇನೆ. ಅದರಲ್ಲಿ ಆಟಿಕೆ ನನ್ನ ಫೋಟೋದ್ದೇ ಆಗಿರುತ್ತದೆ.

ಡಬ್ಬಿಯ ಚಿತ್ರಕ್ಕಂತೂ ಈ ಆ್ಯಪ್ ಹತ್ತಿರ ಸುಳಿಯುವುದಿಲ್ಲ. ನಮ್ಮ ಡಬ್ಬಿಯ ಮೇಲೆ ಕನ್ನಡದಲ್ಲಿ "ಚನ್ನಪಟ್ಟಣ" ಅಂತಿದೆ. ಒತ್ತಕ್ಷರ ಬಂದ ಕೂಡಲೇ ಅದಕ್ಕೆ ದಾರಿ ತಪ್ಪುತ್ತದೆ. ಒಮ್ಮೆ "ನ್ನ" ಇರಬೇಕಾದಲ್ಲಿ ಜಿಲೇಬಿ ಸುತ್ತಿತ್ತು. ಉಪ್ಪಿನಕಾಯಿ, ಚಟ್ನಿಪುಡಿ ಮಾರುವವರು ಲೇಬಲ್‌ನಲ್ಲಿರುವ ತೂಕ, ತಾರೀಕು, ಬೆಲೆಯನ್ನು ಇದರ ಕೈಗೆ ಕೊಡಲೇಬಾರದು. ಮಗುವಿನ ಕೈಯಲ್ಲಿ ಆಟಿಕೆ ಇರುವ ಚಿತ್ರವನ್ನೂ ನಾನು ಮಾಡಿಸುವುದಿಲ್ಲ. 6 ಸೆಂ.ಮೀ. ಬುಗುರಿ ಆ ಕೈಯಲ್ಲಿ ತೆಂಗಿನಕಾಯಿ ಗಾತ್ರಕ್ಕೆ ಬಂದಿತ್ತು. ಅದರ ಬದಲು, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಸಾದಾ ಫೋಟೋ ಒಂದನ್ನು ಎಲ್ಲ ಆಟಿಕೆಗೂ ಕೊನೆಯ ಚಿತ್ರವಾಗಿ ಹಾಕುತ್ತೇನೆ.

ಒಂಟಿ ಆಟಿಕೆಗಾದರೆ ಈ ವರ್ಷವೂ ಚಂದಾ ಕಟ್ಟುತ್ತೇನೆ. ದಸರಾಕ್ಕೆ ಕಳಿಸುವ ಒಂಬತ್ತು ಬೊಂಬೆಗಳ ಸೆಟ್ ಮಾತ್ರ ಇನ್ನೂ ಪೇಟೆಯ ಸ್ಟುಡಿಯೋಗೇ ಹೋಗುತ್ತದೆ. ಹೋದ ವಾರ ಸುಮ್ನೆ ಇನ್ನೊಂದು ಸಲ ಆ್ಯಪ್‌ಗೆ ಹಾಕಿ ನೋಡಿದೆ. ಬೊಂಬೆ ಒಂಬತ್ತೇ ಬಂದವು, ಆದರೆ ಎರಡಕ್ಕೆ ಒಂದೇ ಮುಖ.