ಬಿಲ್ ತಪ್ಪಾದರೆ ರದ್ದೋ, ರಿಟರ್ನೋ?

ತಪ್ಪು ಬಿಲ್ಲನ್ನು ಅಂಗಡಿಯ ಹೊಸ ಬಿಲ್ಲಿಂಗ್ ತಂತ್ರಾಂಶದಲ್ಲಿ ರದ್ದತಿ, ರಿಟರ್ನ್ ಎಂಬ ಎರಡು ದಾರಿಗಳಲ್ಲಿ ಯಾವುದರಿಂದ ಸರಿಪಡಿಸಬೇಕು ಎಂದು ಕೇಳಿದ್ದೀರಿ. ಹಣ ಪಡೆಯುವ ಮುನ್ನವೇ ಗೊತ್ತಾದರೆ ಎರಡೂ ಬೇಡ, ಬಿಲ್ಲಿನಲ್ಲಿ ತಪ್ಪಾದ ಸಾಲನ್ನು ಅಳಿಸಿದರೆ ಸಾಕು.

ಬೇಗ ಮುಗಿಯುವುದು ರದ್ದತಿ: ಬಿಲ್ ಸಂಖ್ಯೆ ಹುಡುಕಿ, ಕಾರಣ ಬರೆದು, ಮೇಲ್ವಿಚಾರಕರ ಒಪ್ಪಿಗೆ ಪಡೆಯಿರಿ. ಆದರೆ ಅದು ಇಡೀ ಬಿಲ್ಲನ್ನೇ ತೆಗೆದುಹಾಕುತ್ತದೆ. ಗ್ರಾಹಕರು ಇನ್ನೂ ಎದುರಿಗಿದ್ದು, ಅಂದಿನ ಲೆಕ್ಕ ಮುಗಿಸಿಲ್ಲದಿದ್ದರೆ ಇದೇ ಸರಿ.

2 ಸೋಪಿನ ಬದಲು 12 ಎಂದು ಒತ್ತಿದ್ದು ಮರುದಿನ ತಿಳಿದರೆ? ಆಗ ರಿಟರ್ನ್. ಹಳೆಯ ಬಿಲ್ ತೆರೆದು 10 ಸೋಪುಗಳನ್ನು ಮಾತ್ರ ನಮೂದಿಸಿ. ದಾಸ್ತಾನು ಸರಿಹೋಗುತ್ತದೆ, ನಿನ್ನೆಯ ಲೆಕ್ಕ ಕದಲುವುದಿಲ್ಲ. ಅವಸರದಲ್ಲಿ ಹಲವರು ಹಳೆಯ ಬಿಲ್ ತೆರೆಯದೆಯೇ ರಿಟರ್ನ್ ಹಾಕುತ್ತಾರೆ. ಅಂದು ಕೊಟ್ಟಿದ್ದ ರಿಯಾಯಿತಿ ಆಗ ಲೆಕ್ಕಕ್ಕೆ ಬಾರದೆ, ಪಡೆದದ್ದಕ್ಕಿಂತ ಹೆಚ್ಚು ಹಣ ಮರಳಿಹೋಗುತ್ತದೆ.